ಕರೆಂಟು ಹೋದಾಗ ನಿಮ್ಮ ಸ್ಟಾಪ್‌ಲಾಸ್ ಎಲ್ಲಿತ್ತು?

ಶಿವಮೊಗ್ಗ, ದಾವಣಗೆರೆ, ಹಾಸನ, ಹುಬ್ಬಳ್ಳಿ, ಬೆಂಗಳೂರಿನ ಹೊರವಲಯ, ಹೀಗೆ ಎಲ್ಲೆಲ್ಲೋ ಕೂತು ತಾವೇ ಬರೆದ ಪೈಥಾನ್ ಸ್ಕ್ರಿಪ್ಟ್‌ನಿಂದ ಷೇರು ವ್ಯವಹಾರ ಮಾಡುವ ಗೆಳೆಯರಿಗೆ,

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಗುಂಪಿನಲ್ಲಿ ಒಂದೇ ಪ್ರಶ್ನೆ ಸುತ್ತತೊಡಗುತ್ತದೆ. ಸ್ಕ್ರಿಪ್ಟ್ ಮನೆಯ ಕಂಪ್ಯೂಟರಿನಲ್ಲೇ ಓಡಲಿ ಬಿಡೋಣವೇ, ಇಲ್ಲ ಕ್ಲೌಡ್ ಸರ್ವರ್ ಬಾಡಿಗೆಗೆ ಹಿಡಿಯೋಣವೇ? ಸಿಗುವ ಉತ್ತರಗಳೂ ಎರಡೇ. ಒಬ್ಬರು 'ಇನ್ವರ್ಟರ್ ಇದೆಯಲ್ಲ, ಇನ್ನೇನು ಬೇಕು' ಎನ್ನುತ್ತಾರೆ. ಇನ್ನೊಬ್ಬರು 'ತಿಂಗಳಿಗೆ ಐನೂರು, ಸಾವಿರ ಕೊಟ್ಟು ಸರ್ವರ್ ತಗೊಂಡು ನಿಶ್ಚಿಂತೆಯಿಂದ ಇರಿ' ಎನ್ನುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಕ್ಲೌಡ್ ತಗೊಳ್ಳಿ. ಆದರೆ ಅದಕ್ಕೆ ನಾನು ಕೊಡುವ ಕಾರಣ ಬರೀ ಕರೆಂಟಿನದಲ್ಲ. ಜೊತೆಗೊಂದು ಷರತ್ತೂ ಇದೆ. ಆ ಷರತ್ತು ಪಾಲಿಸದವರು ಮನೆಯಲ್ಲೇ ಇದ್ದರೆ ಅವರ ದುಡ್ಡಿಗೆ ಅಪಾಯ ಕಡಿಮೆ.

ಈ ಪತ್ರ ದಿನಕ್ಕೆ ಒಂದೋ ಎರಡೋ ಟ್ರೇಡ್ ಮಾಡುವ, ಐದು ನಿಮಿಷದ ಕ್ಯಾಂಡಲ್ ನೋಡಿ ನಿರ್ಧರಿಸುವ ಸ್ಕ್ರಿಪ್ಟ್‌ಗಳ ಬಗ್ಗೆ. ನಮ್ಮಲ್ಲಿ ಹೆಚ್ಚಿನವರದು ಅದೇ. ಮುಂಬೈನ ಸರ್ವರಿನಿಂದ ಆರ್ಡರ್ ಕೆಲವು ಮಿಲಿಸೆಕೆಂಡ್ ಬೇಗ ತಲುಪುತ್ತದೆ ಎಂಬ ವಾದವನ್ನು ಇಲ್ಲಿ ಎತ್ತುವುದೇ ಇಲ್ಲ. ಐದು ನಿಮಿಷ ಕಾದು ಕೂತವನಿಗೆ ಇಪ್ಪತ್ತು ಮಿಲಿಸೆಕೆಂಡಿನ ಗಳಿಕೆಯಿಂದ ಏನೂ ಆಗಬೇಕಾದ್ದಿಲ್ಲ.

ಮೊದಲು ಕರೆಂಟಿನ ಲೆಕ್ಕ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂನವರು ಪತ್ರಿಕೆಯಲ್ಲಿ ಕೊಡುವ 'ನಾಳೆ ವಿದ್ಯುತ್ ವ್ಯತ್ಯಯ' ಪ್ರಕಟಣೆಯನ್ನು ಗಮನಿಸಿ. ಉಪಕೇಂದ್ರದ ನಿರ್ವಹಣೆಯಿರಲಿ, ಲೈನಿಗೆ ತಾಗುವ ಮರದ ಕೊಂಬೆ ಕಡಿಯುವುದಿರಲಿ, ಸಮಯ ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ ಸಂಜೆ 4 ಅಥವಾ 5. ಲೈನ್‌ಮನ್‌ಗಳು ಹಗಲು ಬೆಳಕಿನಲ್ಲೇ ಕೆಲಸ ಮಾಡಬೇಕಲ್ಲ. ಷೇರುಪೇಟೆಯ ಸಮಯ 9:15ರಿಂದ 3:30. ಎರಡೂ ಒಂದರ ಮೇಲೊಂದು ಕೂರುತ್ತವೆ. ತಿಂಗಳಿಗೆ 22 ವಹಿವಾಟಿನ ದಿನ ಎಂದುಕೊಂಡರೆ ಪೇಟೆ ತೆರೆದಿರುವುದು ಸುಮಾರು 137 ಗಂಟೆ. ಇಂಥ ಒಂದೇ ಒಂದು ದಿನ ಅದರಲ್ಲಿ ಐದೂವರೆ ಗಂಟೆ, ಅಂದರೆ ನೂರಕ್ಕೆ ನಾಲ್ಕು ಪಾಲು, ತಿಂದುಹಾಕುತ್ತದೆ. ರಾತ್ರಿಯೆಲ್ಲ ಕರೆಂಟು ಎಷ್ಟು ಚೆನ್ನಾಗಿದ್ದರೂ ನಮಗೆ ಪ್ರಯೋಜನವಿಲ್ಲ.

ಹೀಗೆ ಮೊದಲೇ ಹೇಳಿ ತೆಗೆಯುವ ಕರೆಂಟು ದೊಡ್ಡ ಶತ್ರುವಲ್ಲ, ಆ ದಿನ ಸ್ಕ್ರಿಪ್ಟ್ ಓಡಿಸದಿದ್ದರೆ ಆಯಿತು. ತೊಂದರೆ ಕೊಡುವುದು ಹೇಳದೆ ಹೋಗಿ ಅರೆಗಳಿಗೆಯಲ್ಲಿ ಬರುವ ಕರೆಂಟು. ಮನೆಯಲ್ಲಿ ಇನ್ವರ್ಟರ್ ಇದ್ದೂ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುವುದನ್ನು ನೀವೂ ನೋಡಿರುತ್ತೀರಿ. ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ ತನ್ನೊಳಗಿನ ಶೇಖರಣೆಯಿಂದ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಾಳಬಲ್ಲದು. ಇನ್ವರ್ಟರ್ ಹಿಂಬದಿಯಲ್ಲಿರುವ ಸ್ವಿಚ್ ನಾರ್ಮಲ್ ಮೋಡ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನಿಗೂ ಟ್ಯೂಬ್‌ಲೈಟಿಗೂ ಅದು ಲೆಕ್ಕಕ್ಕಿಲ್ಲ, ಕಂಪ್ಯೂಟರ್ ಮಾತ್ರ ಸತ್ತು ಹುಟ್ಟುತ್ತದೆ. ಯುಪಿಎಸ್ ಮೋಡ್‌ಗೆ ತಿರುಗಿಸಿದರೆ ಬದಲಾವಣೆ ಬೇಗ ಆಗುತ್ತದೆ. ಆದರೆ ಆ ಮೋಡ್‌ನಲ್ಲಿ ಇನ್ವರ್ಟರ್ ಒಪ್ಪುವ ವೋಲ್ಟೇಜಿನ ವ್ಯಾಪ್ತಿ ಕಿರಿದು. ಪಂಪ್‌ಸೆಟ್ ಲೈನಿನ ಪಕ್ಕದ ಹಳ್ಳಿಗಳಲ್ಲಿ ವೋಲ್ಟೇಜ್ ಕುಸಿದಾಗಲೆಲ್ಲ ಅದು ಬ್ಯಾಟರಿಗೆ ಹಾರುತ್ತದೆ, ಬ್ಯಾಟರಿ ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಲ್ಯಾಪ್‌ಟಾಪ್ ಬಳಸುವವರಿಗೆ ಈ ಕಾಟವಿಲ್ಲ. ಬ್ಯಾಟರಿ ಅದರ ಹೊಟ್ಟೆಯಲ್ಲೇ ಇದೆ. ಲ್ಯಾಪ್‌ಟಾಪ್, ರೌಟರ್, ಫೈಬರ್ ಡಬ್ಬಿ ಮೂರೂ ಸೇರಿ ಎಪ್ಪತ್ತು ವ್ಯಾಟ್ ಎಂದುಕೊಳ್ಳೋಣ. ಮನೆಯವರು ಟೀವಿ, ಮಿಕ್ಸಿ ಹಾಕದಿದ್ದರೆ 150 ಎಎಚ್‌ನ ಒಂದು ಒಳ್ಳೆಯ ಬ್ಯಾಟರಿ ಪೂರ್ತಿ ಪೇಟೆಯ ಸಮಯವನ್ನೇ ದಾಟಿಸಬಲ್ಲದು. ಅಲ್ಲಿಗೆ ಮನೆಯೊಳಗಿನ ಸಮಸ್ಯೆ ಮುಗಿಯಿತು. ಮನೆಯ ಹೊರಗಿನದು ಮುಗಿಯಲಿಲ್ಲ.

ನಿಮ್ಮ ಬೀದಿಗೆ ಇಂಟರ್‌ನೆಟ್ ಕೊಡುವವರು ಯಾವ ಬಗೆಯವರು ಎಂಬುದರ ಮೇಲೆ ಇದು ನಿಂತಿದೆ. ದೊಡ್ಡ ಕಂಪನಿಯ ಫೈಬರ್ ಆದರೆ ಸಾಮಾನ್ಯವಾಗಿ ನಿಮ್ಮ ಮನೆಗೂ ಅವರ ಕೇಂದ್ರಕ್ಕೂ ನಡುವೆ ಕರೆಂಟು ಬೇಡುವ ಪೆಟ್ಟಿಗೆ ಇರುವುದಿಲ್ಲ. ದಾರಿಯಲ್ಲಿರುವುದು ಬೆಳಕನ್ನು ಹಂಚುವ ಗಾಜಿನ ಸ್ಪ್ಲಿಟರ್ ಅಷ್ಟೇ. ಕೇಬಲ್‌ನವರು ಕೊಟ್ಟ ಹಳೆಯ ಬಗೆಯ ಸಂಪರ್ಕವಾದರೆ, ಬೀದಿ ಕಂಬದ ಮೇಲೋ ಪಕ್ಕದ ಅಂಗಡಿಯ ಅಟ್ಟದಲ್ಲೋ ಒಂದು ಸ್ವಿಚ್ ಇರುತ್ತದೆ. ಅದಕ್ಕೆ ಅದೇ ಬೀದಿಯ ಕರೆಂಟು, ಜೊತೆಗೆ ಯಾವ ಕಾಲದ್ದೋ ಒಂದು ಬ್ಯಾಟರಿ. ನಿಮ್ಮ ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ, ರೌಟರ್‌ನ ವೈಫೈ ದೀಪವೂ ಹಸಿರಾಗಿಯೇ ಇರುತ್ತದೆ, ಇಂಟರ್‌ನೆಟ್ ಮಾತ್ರ ಇರುವುದಿಲ್ಲ. ನಿಮ್ಮದು ಯಾವುದೆಂದು ತಿಳಿಯುವುದು ಸುಲಭ. ಮುಂದಿನ ಸಲ ಬೀದಿಯ ಕರೆಂಟು ಹೋದಾಗ ಹತ್ತು ನಿಮಿಷಕ್ಕೊಮ್ಮೆ ಯಾವುದಾದರೂ ಸೈಟ್ ತೆರೆಯಿರಿ. ಎಷ್ಟನೇ ನಿಮಿಷಕ್ಕೆ ನಿಲ್ಲುತ್ತದೆಯೋ ಅಷ್ಟೇ ನಿಮ್ಮ ನಿಜವಾದ ಬ್ಯಾಕಪ್. ಮನೆಯ ಬ್ಯಾಟರಿಯ ಎಎಚ್ ಎಷ್ಟಿದ್ದರೂ ಅದರಿಂದಾಚೆಗೆ ಅದು ಒಯ್ಯಲಾರದು.

ಇಷ್ಟು ದಿನ ಇದಕ್ಕೆಲ್ಲ ಒಂದು ಮದ್ದಿತ್ತು: ಮೊಬೈಲ್ ಹಾಟ್‌ಸ್ಪಾಟ್. ಕೇಬಲ್ ಸತ್ತರೆ ಫೋನಿನ ಡೇಟಾಗೆ ಬದಲಾಯಿಸಿದರೆ ಸ್ಕ್ರಿಪ್ಟ್ ಮುಂದುವರಿಯುತ್ತಿತ್ತು. ಆ ಮದ್ದನ್ನು ನಿಯಮ ಬದಲಾವಣೆ ಕಿತ್ತುಕೊಂಡಿದೆ. ಸಣ್ಣ ಹೂಡಿಕೆದಾರರ ಆಲ್ಗೋ ಟ್ರೇಡಿಂಗ್ ಬಗ್ಗೆ ಸೆಬಿ 2025ರ ಫೆಬ್ರವರಿಯಲ್ಲಿ ಹೊರಡಿಸಿದ ಸುತ್ತೋಲೆ ಮತ್ತು ಅದರ ಬೆನ್ನಿಗೆ ಬಂದ ವಿನಿಮಯ ಕೇಂದ್ರಗಳ ಸೂಚನೆಗಳ ಪ್ರಕಾರ, ಎಪಿಐ ಮೂಲಕ ಬರುವ ಆರ್ಡರ್ ಬ್ರೋಕರ್ ಬಳಿ ಮೊದಲೇ ನೋಂದಾಯಿಸಿದ ಸ್ಥಿರ ಐಪಿ ವಿಳಾಸದಿಂದಲೇ ಬರಬೇಕು. ಬೇರೆ ವಿಳಾಸದಿಂದ ಬಂದರೆ ಆರ್ಡರ್ ತಿರಸ್ಕೃತ. ಮನೆಯ ಸಾಧಾರಣ ಬ್ರಾಡ್‌ಬ್ಯಾಂಡಿಗೆ ಸ್ಥಿರ ಐಪಿ ಇರುವುದಿಲ್ಲ, ರೌಟರ್ ಆಫ್ ಆಗಿ ಆನ್ ಆದಾಗ ವಿಳಾಸ ಬದಲಾಗಬಹುದು. ಎಷ್ಟೋ ಕಡೆ ಒಂದೇ ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚಿರುತ್ತಾರೆ. ಮೊಬೈಲಿನ ಕಥೆಯೂ ಇದೇ. ಅಂದರೆ ಕರೆಂಟು ಹೋಗಿ ಬಂದ ಮೇಲೆ ನಿಮ್ಮ ಸ್ಕ್ರಿಪ್ಟ್ ಬೆಲೆಗಳನ್ನು ಓದುತ್ತಾ ಚೆನ್ನಾಗಿಯೇ ಓಡುತ್ತಿರುತ್ತದೆ, ಮಾರಲು ಹೋದಾಗ ಮಾತ್ರ ಬಾಗಿಲು ಮುಚ್ಚಿರುತ್ತದೆ. ಪೂರ್ತಿ ನಿಂತ ಸ್ಕ್ರಿಪ್ಟ್‌ಗಿಂತ ಇದು ಕೆಟ್ಟದ್ದು, ಏಕೆಂದರೆ ಪರದೆಯ ಮೇಲೆ ಎಲ್ಲವೂ ಸರಿ ಇದ್ದಂತೆಯೇ ಕಾಣುತ್ತದೆ.

ನಾನು ಕ್ಲೌಡ್ ಅನ್ನುವುದು ಮುಖ್ಯವಾಗಿ ಇದಕ್ಕೇ. ಸ್ಥಿರ ಐಪಿ ಅಲ್ಲಿ ಸಹಜವಾಗಿ ಸಿಗುತ್ತದೆ. ಮನೆಗೆ ಸ್ಥಿರ ಐಪಿ ಕೊಡಿ ಎಂದು ಕೇಬಲ್‌ನವರನ್ನು ಕೇಳಬಹುದು, ಕೆಲವರು ತಿಂಗಳ ಶುಲ್ಕ ಪಡೆದು ಕೊಡುತ್ತಾರೆ. ಆದರೆ ಅದು ಅದೇ ಕಂಬದ ಅದೇ ಡಬ್ಬಿಗೆ ಕಟ್ಟಿದ ವಿಳಾಸ. ಡಬ್ಬಿ ಸತ್ತಾಗ ವಿಳಾಸವೂ ಸಾಯುತ್ತದೆ.

ಖರ್ಚಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನೂರು ವ್ಯಾಟ್‌ನ ಡೆಸ್ಕ್‌ಟಾಪ್ ದಿನಕ್ಕೆ ಏಳು ಗಂಟೆ, ತಿಂಗಳಿಗೆ 22 ದಿನ ಓಡಿದರೆ ಹದಿನೈದು ಯೂನಿಟ್, ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ನೂರರೊಳಗೆ. ಗೃಹಜ್ಯೋತಿ ಮಿತಿಯೊಳಗಿರುವ ಮನೆಗೆ ಅದೂ ಇಲ್ಲ. ಒಂದು ಜಿಬಿ ಮೆಮೊರಿಯ ಚಿಕ್ಕ ಸರ್ವರಿಗೆ ಐಪಿ, ಡಿಸ್ಕ್ ಎಲ್ಲ ಸೇರಿ ತಿಂಗಳಿಗೆ ಐನೂರರಿಂದ ಸಾವಿರದ ಆಸುಪಾಸು ಬೀಳುತ್ತದೆ. ಇಲ್ಲೊಂದು ಜಿಪುಣತನದ ಬಲೆಯಿದೆ. ದುಡ್ಡು ಉಳಿಸಲು ಸಂಜೆ ಸರ್ವರ್ ನಿಲ್ಲಿಸಿ ಬೆಳಿಗ್ಗೆ ಶುರು ಮಾಡುವವರಿದ್ದಾರೆ. ಎಡಬ್ಲ್ಯುಎಸ್‌ನಂಥ ಕಡೆ ಎಲಾಸ್ಟಿಕ್ ಐಪಿಯನ್ನು ಬೇರೆಯಾಗಿ ಕಟ್ಟಿಕೊಂಡಿರದಿದ್ದರೆ, ನಿಲ್ಲಿಸಿ ಶುರು ಮಾಡಿದಾಗಲೆಲ್ಲ ಸಾರ್ವಜನಿಕ ಐಪಿ ಬದಲಾಗುತ್ತದೆ. ಆಗ ಮನೆಯ ಬ್ರಾಡ್‌ಬ್ಯಾಂಡಿಗೂ ಅದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಇನ್ನು ಷರತ್ತಿಗೆ ಬರುತ್ತೇನೆ. ಮನೆಗೂ ಸ್ಥಿರ ಐಪಿ ಇದೆಯೆಂದೇ ಇಟ್ಟುಕೊಂಡು, ಒಂದು ಕಾಲ್ಪನಿಕ ದಿನವನ್ನು ಹಂತಹಂತವಾಗಿ ನೋಡೋಣ.

ನಿಮ್ಮ ಸ್ಕ್ರಿಪ್ಟ್‌ನ ನಿಯಮ ಸರಳ: ಬೆಳಗಿನ ಮೊದಲ ಹದಿನೈದು ನಿಮಿಷದ ಗರಿಷ್ಠ ಬೆಲೆ 1,498 ರೂಪಾಯಿ ದಾಟಿದರೆ 100 ಷೇರು ಕೊಳ್ಳು, ಹದಿನೈದು ರೂಪಾಯಿ ಕೆಳಗೆ ಹೋದರೆ ಮಾರು. 10:05ಕ್ಕೆ 1,500ರಲ್ಲಿ ಕೊಂಡಿತು. ಸ್ಟಾಪ್ 1,485. ಈ 1,485 ಎಂಬ ಸಂಖ್ಯೆ ಎಲ್ಲಿದೆ? ನಮ್ಮಲ್ಲಿ ಬಹಳಷ್ಟು ಜನರ ಕೋಡ್‌ನಲ್ಲಿ ಅದು `sl_price` ಎಂಬ ವೇರಿಯಬಲ್‌ನಲ್ಲಿ, ಕಂಪ್ಯೂಟರಿನ ಮೆಮೊರಿಯಲ್ಲಿ ಮಾತ್ರ ಇರುತ್ತದೆ. ಬೆಲೆ ಅಲ್ಲಿಗೆ ಬಂದಾಗ ಸ್ಕ್ರಿಪ್ಟ್ ಎಚ್ಚರವಿದ್ದು ಮಾರಬೇಕು. ಕೊಂಡ ವಿಷಯವೂ `in_position = True` ಎಂದು ಅದೇ ಮೆಮೊರಿಯಲ್ಲಿದೆ.

11:10ಕ್ಕೆ ಕರೆಂಟು ಹೋಗುತ್ತದೆ. ಡೆಸ್ಕ್‌ಟಾಪ್ ಆರಿಹೋಗುತ್ತದೆ, ಬೀದಿಯ ಸ್ವಿಚ್ಚೂ ಆರುತ್ತದೆ. 11:12ಕ್ಕೆ ಬೆಲೆ 1,485 ಮುಟ್ಟಿ ಕೆಳಗಿಳಿಯುತ್ತದೆ. ಮಾರುವವರು ಯಾರೂ ಇಲ್ಲ. 11:40ಕ್ಕೆ ಕರೆಂಟು ಬಂದು, ಆಟೋಸ್ಟಾರ್ಟ್ ಇಟ್ಟುಕೊಂಡ ಸ್ಕ್ರಿಪ್ಟ್ ಹೊಸದಾಗಿ ಏಳುತ್ತದೆ. ಅದರ ಲೆಕ್ಕದಲ್ಲಿ ಇವತ್ತು ಏನೂ ಕೊಂಡಿಲ್ಲ. 12:30ಕ್ಕೆ ಬೆಲೆ ಮತ್ತೆ 1,498 ದಾಟಿದಾಗ ಇನ್ನೂ 100 ಷೇರನ್ನು 1,502ಕ್ಕೆ ಕೊಳ್ಳುತ್ತದೆ. ಈಗ ಖಾತೆಯಲ್ಲಿ 200 ಷೇರು, ಸ್ಕ್ರಿಪ್ಟ್‌ಗೆ ಗೊತ್ತಿರುವುದು 100. ಬೆಲೆ 1,487ಕ್ಕೆ ಇಳಿದಾಗ ತನಗೆ ಗೊತ್ತಿರುವ ನೂರನ್ನು ಮಾರುತ್ತದೆ: ನಷ್ಟ 1,500. ಅನಾಥವಾದ ಇನ್ನೊಂದು ನೂರು ಹಾಗೇ ಬಿದ್ದಿದ್ದು, ಇಂಟ್ರಾಡೇ ಆದ್ದರಿಂದ ಪೇಟೆ ಮುಚ್ಚುವ ಮೊದಲು ಬ್ರೋಕರ್ ತಾನೇ 1,460ಕ್ಕೆ ಮಾರುತ್ತಾನೆ: ನಷ್ಟ 4,000, ಮೇಲೆ ಅವನ ಶುಲ್ಕ. ಒಂದೂವರೆ ಸಾವಿರದಲ್ಲಿ ಮುಗಿಯಬೇಕಿದ್ದ ದಿನ ಐದೂವರೆ ಸಾವಿರಕ್ಕೆ ಹೋಯಿತು.

ಇದೇ ಕೋಡನ್ನು ಒಂದಕ್ಷರ ಬದಲಿಸದೆ ಕ್ಲೌಡಿಗೆ ಒಯ್ಯಿರಿ. 11:10ಕ್ಕೆ ನಿಮ್ಮ ಊರಲ್ಲಿ ಕರೆಂಟು ಹೋದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಒಳ್ಳೆಯದೇ. ಆದರೆ ಒಂದು ಜಿಬಿ ಮೆಮೊರಿಯ ಸರ್ವರಿನಲ್ಲಿ ಪಾಂಡಾಸ್ ಲೈಬ್ರರಿ, ಅದರೊಳಗೆ ದಿನವಿಡೀ ಬೆಳೆಯುತ್ತಾ ಹೋಗುವ ಟಿಕ್‌ಗಳ ಪಟ್ಟಿ. ಒಂದು ಹೊತ್ತಿಗೆ ಮೆಮೊರಿ ತುಂಬಿ ಲಿನಕ್ಸ್ ನಿಮ್ಮ ಸ್ಕ್ರಿಪ್ಟನ್ನೇ ಕೊಲ್ಲುತ್ತದೆ. ನೀವು ಯಾರೋ ಹೇಳಿದಂತೆ systemd ಫೈಲಿನಲ್ಲಿ `Restart=always`, `RestartSec=5` ಎಂದು ಹಾಕಿಟ್ಟಿದ್ದೀರಿ. ಐದು ಸೆಕೆಂಡಿನಲ್ಲಿ ಸ್ಕ್ರಿಪ್ಟ್ ಮತ್ತೆ ಏಳುತ್ತದೆ. ಬೆಲೆ ಇನ್ನೂ 1,498ರ ಮೇಲೇ ಇದೆ. ಏನೂ ಕೊಂಡಿಲ್ಲವೆಂದು ತಿಳಿದು ಕೂಡಲೇ 100 ಕೊಳ್ಳುತ್ತದೆ. ಎದ್ದ ಕೂಡಲೇ ಬೆಳಗಿನಿಂದಿನ ಟಿಕ್‌ಗಳನ್ನೆಲ್ಲ ಫೈಲಿನಿಂದ ಮತ್ತೆ ಓದಿಕೊಳ್ಳುವ ಕೋಡ್ ಆದರೆ ಮೆಮೊರಿ ಮತ್ತೆ ತುಂಬುತ್ತದೆ, ಸಾಯುತ್ತದೆ, ಏಳುತ್ತದೆ, ಮತ್ತೆ 100. ಖಾತೆಯಲ್ಲಿ ಮಾರ್ಜಿನ್ ಮುಗಿಯುವವರೆಗೂ ಇದು ನಡೆಯುತ್ತದೆ. ಹತ್ತು ಸೆಕೆಂಡಿನಲ್ಲಿ ಐದು ಸಲ ಎದ್ದರೆ ತಾನೇ ಕೈಬಿಡುವ ತಡೆಯೊಂದು systemd‌ನಲ್ಲಿ ಮೊದಲೇ ಇದೆ. ಆದರೆ ಐದು ಸೆಕೆಂಡಿಗೊಮ್ಮೆ ಏಳುವವನು ಆ ಲೆಕ್ಕಕ್ಕೆ ಯಾವತ್ತೂ ಸಿಕ್ಕಿಬೀಳುವುದಿಲ್ಲ. ಮನೆಯ ಕರೆಂಟು ಒಂದು ಸಲ ಹೋಗಿ ಒಂದು ಸಲ ಬಂತು, ತಪ್ಪೂ ಒಂದೇ ಸಲ ಆಯಿತು. ಮರೆವಿನ ಸ್ಕ್ರಿಪ್ಟ್‌ಗೆ ನಿಲ್ಲದ ಯಂತ್ರ ಸಿಕ್ಕರೆ ತಪ್ಪೂ ನಿಲ್ಲುವುದಿಲ್ಲ. ಷರತ್ತಿಲ್ಲದೆ ಕ್ಲೌಡಿಗೆ ಹೋಗಬೇಡಿ ಎಂದದ್ದು ಇದಕ್ಕೆ.

ಷರತ್ತಿನ ಮೊದಲ ಭಾಗ, ಸ್ಟಾಪ್ ಮೆಮೊರಿಯಲ್ಲಿರಬಾರದು, ವಿನಿಮಯ ಕೇಂದ್ರದಲ್ಲಿರಬೇಕು. ಕೊಂಡ ಆರ್ಡರ್ ಪೂರ್ತಿಯಾಗುತ್ತಿದ್ದಂತೆ ಟ್ರಿಗರ್ 1,485, ಲಿಮಿಟ್ 1,482 ಎಂದು ಎಸ್‌ಎಲ್ ಆರ್ಡರ್ ಹಾಕಿಬಿಡಿ. ಅದು ಎನ್‌ಎಸ್‌ಇಯ ಯಂತ್ರದಲ್ಲಿ ಕಾದು ಕೂರುತ್ತದೆ. 11:12ಕ್ಕೆ ನಿಮ್ಮ ಮನೆ ಕತ್ತಲಲ್ಲಿದ್ದರೂ ಆ ಆರ್ಡರ್ ಎಚ್ಚರಗೊಂಡು ಷೇರು ಮಾರಿ ಸುಮಾರು ಒಂದೂವರೆ ಸಾವಿರದ ನಷ್ಟಕ್ಕೆ ದಿನವನ್ನು ಮುಗಿಸುತ್ತದೆ. ಇದಕ್ಕೂ ಮಿತಿಯಿದೆ. ಬೆಲೆ 1,485ರಿಂದ ಒಂದೇ ನೆಗೆತಕ್ಕೆ 1,478ಕ್ಕೆ ಬಿದ್ದರೆ ಲಿಮಿಟ್ ಆರ್ಡರ್ ಮಾರಾಟವಾಗದೆ ಹಾಗೇ ನಿಲ್ಲುತ್ತದೆ. ಆಪ್ಷನ್‌ಗಳಲ್ಲಿ ಈ ಅಪಾಯ ಹೆಚ್ಚು. ಅಲ್ಲಿ ಎಸ್‌ಎಲ್-ಎಂ ಆರ್ಡರನ್ನು ಎನ್‌ಎಸ್‌ಇ 2021ರಲ್ಲೇ ನಿಲ್ಲಿಸಿರುವುದರಿಂದ ಲಿಮಿಟ್ ಇಲ್ಲದೆ ಗತಿಯಿಲ್ಲ, ಟ್ರಿಗರಿಗೂ ಲಿಮಿಟ್ಟಿಗೂ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ಇನ್ನೊಂದು ಮಾತು, ಲಾಭದ ಗುರಿ ಮುಟ್ಟಿ ಸ್ಕ್ರಿಪ್ಟ್ ತಾನೇ ಮಾರಿದ ಮೇಲೆ ಕಾದು ಕೂತ ಎಸ್‌ಎಲ್ ಆರ್ಡರನ್ನು ರದ್ದು ಮಾಡಲು ಮರೆತರೆ, ಸಂಜೆಯೊಳಗೆ ಅದು ಇಲ್ಲದ ಷೇರನ್ನು ಮಾರಿ ನಿಮ್ಮನ್ನು ಶಾರ್ಟ್ ಮಾಡಬಹುದು. ಹೊಸದಾಗಿ ಮಾರುವ ಬದಲು ಅದೇ ಎಸ್‌ಎಲ್ ಆರ್ಡರಿನ ಬೆಲೆ ತಿದ್ದಿ ಅದರಿಂದಲೇ ಹೊರಬರುವುದು ನನಗೆ ಹೆಚ್ಚು ಇಷ್ಟ. ಆಗ ಮಾರುವ ಆರ್ಡರ್ ಯಾವಾಗಲೂ ಒಂದೇ ಇರುತ್ತದೆ.

ಎರಡನೆಯ ಭಾಗ, ಎದ್ದ ಸ್ಕ್ರಿಪ್ಟ್ ಮೊದಲು ತನ್ನನ್ನು ಕೇಳಿಕೊಳ್ಳಬಾರದು, ಬ್ರೋಕರನ್ನು ಕೇಳಬೇಕು. ಕೈಟ್ ಕನೆಕ್ಟ್ ಬಳಸುವವರಿಗೆ ಇಷ್ಟು ಸಾಕು:

```python
net = kite.positions()["net"]
qty = sum(p["quantity"] for p in net
          if p["tradingsymbol"] == SYMBOL
          and p["product"] == "MIS")
done = [o for o in kite.orders()
        if o.get("tag") == TAG]
allow_entry = (qty == 0 and not done)
```

ಸ್ಕ್ರಿಪ್ಟ್ ಹಾಕುವ ಪ್ರತಿ ಆರ್ಡರಿಗೂ ಒಂದು ಟ್ಯಾಗ್ ಅಂಟಿಸಿರಬೇಕು, ಅದಿಲ್ಲದೆ ಇದು ನಡೆಯದು. ಖಾತೆಯಲ್ಲಿ ಷೇರು ಇದ್ದರೂ, ಇಲ್ಲವೇ ಇವತ್ತು ಈ ಟ್ಯಾಗ್‌ನ ಒಂದು ಆರ್ಡರ್ ಹೋಗಿ ಮುಗಿದಿದ್ದರೂ, ಹೊಸದಾಗಿ ಕೊಳ್ಳುವಂತಿಲ್ಲ. ತಿರಸ್ಕೃತ ಆರ್ಡರ್ ಇದ್ದರೂ ಈ ಕೋಡ್ ತಡೆಯುತ್ತದೆ. ಅದು ಹಾಗೇ ಇರಲಿ, ತಿರಸ್ಕಾರ ಯಾಕಾಯಿತೆಂದು ನೋಡುವುದು ಮನುಷ್ಯರ ಕೆಲಸ. ಷೇರು ಇದ್ದು ಎಸ್‌ಎಲ್ ಆರ್ಡರ್ ಇಲ್ಲದಿದ್ದರೆ, ಕೊಂಡದ್ದಕ್ಕೂ ಸ್ಟಾಪ್ ಹಾಕುವುದಕ್ಕೂ ನಡುವಿನ ಆ ಎರಡು ಸೆಕೆಂಡಿನಲ್ಲೇ ಕರೆಂಟು ಹೋಗಿದೆ ಎಂದರ್ಥ. ಆಗ ಬೇರೆಲ್ಲಕ್ಕಿಂತ ಮೊದಲು ಎಸ್‌ಎಲ್ ಹಾಕಬೇಕು. ಬ್ರೋಕರ್ ಉತ್ತರ ಕೊಡದೆ ದೋಷ ಬಂದರೆ ಅದನ್ನು 'ಷೇರು ಸೊನ್ನೆ' ಎಂದು ಓದಿಕೊಳ್ಳಬೇಡಿ. ಉತ್ತರ ಬರುವವರೆಗೆ ಕಾಯಿರಿ. ದೋಷವನ್ನು ನುಂಗಿ ಖಾಲಿ ಪಟ್ಟಿ ಹಿಂದಿರುಗಿಸುವ `try`, `except` ಬರೆದವರು ಈ ಗುಂಪಿನಲ್ಲಿ ಕಡಿಮೆಯಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಮೂರನೆಯದು, ಸರ್ವರಿನಲ್ಲಿ ಮತ್ತೆ ಮತ್ತೆ ಏಳುವುದಕ್ಕೆ ಲಗಾಮು:

```
[Unit]
StartLimitIntervalSec=600
StartLimitBurst=3

[Service]
ExecStart=/home/ubuntu/algo/venv/bin/python /home/ubuntu/algo/main.py
Restart=on-failure
RestartSec=20
```

ಹತ್ತು ನಿಮಿಷದೊಳಗೆ ಮೂರು ಸಲಕ್ಕಿಂತ ಹೆಚ್ಚು ಏಳುವ ಪ್ರಸಂಗ ಬಂದರೆ ಅಲ್ಲಿಗೆ ನಿಲ್ಲುತ್ತದೆ. ಎಸ್‌ಎಲ್ ಆರ್ಡರ್ ಎನ್‌ಎಸ್‌ಇಯಲ್ಲಿ ಇದ್ದೇ ಇರುವುದರಿಂದ ನಿಂತರೂ ನಷ್ಟ ಮಿತಿಯಲ್ಲಿರುತ್ತದೆ. ಅಂದ ಹಾಗೆ, ಎಸ್‌ಎಸ್‌ಎಚ್ ಕಿಟಕಿಯಲ್ಲಿ `python main.py` ಎಂದು ಹೊಡೆದು ಲ್ಯಾಪ್‌ಟಾಪ್ ಮುಚ್ಚಿ ಹೋಗುವವರ ಸ್ಕ್ರಿಪ್ಟ್, ಸರ್ವರಿನಲ್ಲಿದ್ದರೂ ಮನೆಯ ಕರೆಂಟಿಗೇ ಕಟ್ಟುಬಿದ್ದಿದೆ. ಸಂಪರ್ಕ ಕಡಿದರೆ ಅದೂ ಸಾಯುತ್ತದೆ.

ಕ್ಲೌಡಿಗೆ ಹೊಸದಾಗಿ ಹೋದವರು ಮೊದಲ ವಾರ ಎಡವುವ ಕಲ್ಲು ಗಡಿಯಾರ. ಸರ್ವರ್ ಸಾಮಾನ್ಯವಾಗಿ ಯುಟಿಸಿಯಲ್ಲಿ ಬರುತ್ತದೆ. ನಮ್ಮ 9:15 ಅಲ್ಲಿ 3:45, ನಮ್ಮ 3:30 ಅಲ್ಲಿ ಬೆಳಗಿನ 10 ಗಂಟೆ. 'ಮಧ್ಯಾಹ್ನ 3:15ಕ್ಕೆ ಎಲ್ಲ ಮಾರು' ಎಂದು ಬರೆದ ಸಾಲು ನಮ್ಮ ರಾತ್ರಿ 8:45ಕ್ಕೆ ಎಚ್ಚರಗೊಳ್ಳುತ್ತದೆ. ಮೊದಲ ದಿನವೇ ಇದನ್ನು ಹೊಡೆದು ಒಮ್ಮೆ ರೀಬೂಟ್ ಮಾಡಿ:

```
sudo timedatectl set-timezone Asia/Kolkata
```

ಪ್ರತಿ ಬೆಳಿಗ್ಗೆ ಲಾಗಿನ್ ಎಂಬುದೂ ಇದೆ. ಎಪಿಐ ಟೋಕನ್ ಒಂದು ದಿನದ್ದು, ಕೈಟ್‌ನಲ್ಲಿ ಅದು ಮರುದಿನ ಬೆಳಿಗ್ಗೆ 6ಕ್ಕೆ ಸಾಯುತ್ತದೆ. ಎರಡು ಹಂತದ ದೃಢೀಕರಣದೊಂದಿಗೆ ನೀವೇ ಲಾಗಿನ್ ಆಗಬೇಕು. ಹಾಗಾಗಿ ಕ್ಲೌಡ್ ಎಂದರೆ ಹಾಕಿ ಮರೆತುಬಿಡುವ ವ್ಯವಸ್ಥೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ನಿಂತುಹೋದದ್ದು ನಿಮಗೆ ತಿಳಿಯುವುದು ಹೇಗೆ? ದೋಷ ಬಂದಾಗ ಟೆಲಿಗ್ರಾಂಗೆ ಸಂದೇಶ ಕಳಿಸುವ ಸ್ಕ್ರಿಪ್ಟ್ ನಮ್ಮಲ್ಲಿ ಎಲ್ಲರ ಬಳಿಯೂ ಇದೆ. ಕರೆಂಟು ಹೋದ ಯಂತ್ರ 'ನಾನು ಸತ್ತೆ' ಎಂದು ಸಂದೇಶ ಕಳಿಸಲಾರದು. ಆದ್ದರಿಂದ ಇದನ್ನು ತಿರುಗಿಸಿ. ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಹೊರಗಿನ ಒಂದು ವಿಳಾಸಕ್ಕೆ 'ಇದ್ದೇನೆ' ಎನ್ನಬೇಕು, ಮೂರು ನಿಮಿಷ ಆ ಸದ್ದು ಬಾರದಿದ್ದರೆ ಆ ಹೊರಗಿನವನು ನಿಮ್ಮ ಫೋನಿಗೆ ಹೇಳಬೇಕು. ಇದಕ್ಕೆ ಉಚಿತ ಸೇವೆಗಳಿವೆ. 'ಇದ್ದೇನೆ' ಎನ್ನುವ ಮೊದಲು ಸ್ಕ್ರಿಪ್ಟ್ ಒಂದು ಪರೀಕ್ಷೆ ಮಾಡಿಕೊಳ್ಳಲಿ: ಕೊನೆಯ ಟಿಕ್ ಬಂದು ಎಷ್ಟು ಹೊತ್ತಾಯಿತು? ವೆಬ್‌ಸಾಕೆಟ್ ಸದ್ದಿಲ್ಲದೆ ನಿಂತು, ಪ್ರೋಗ್ರಾಂ ಮಾತ್ರ ಜೀವಂತವಾಗಿದ್ದು, ಅರ್ಧ ಗಂಟೆ ಹಳೆಯ ಬೆಲೆಯನ್ನೇ ನೋಡುತ್ತಾ ಕೂರುವುದು ಕರೆಂಟು ಹೋಗುವುದಕ್ಕಿಂತ ಅಪರೂಪವೇನಲ್ಲ. ಚೆನ್ನಾಗಿ ವಹಿವಾಟಾಗುವ ಷೇರಿನಲ್ಲಿ ಒಂದು ನಿಮಿಷ ಟಿಕ್ ಬಾರದಿದ್ದರೆ ಸತ್ತಂತೆಯೇ ಎಣಿಸಿ. ಎಚ್ಚರಿಕೆ ಬಂದಾಗ ನೀವು ಮಾಡಬೇಕಾದ್ದು ಬ್ರೋಕರಿನ ಮೊಬೈಲ್ ಆ್ಯಪ್ ತೆರೆದು, ಕಾದು ಕೂತ ಎಸ್‌ಎಲ್ ಆರ್ಡರನ್ನು ರದ್ದು ಮಾಡಿ ಕೈಯಿಂದ ಮಾರುವುದು. ಸ್ಥಿರ ಐಪಿಯ ನಿಯಮ ಎಪಿಐ ಆರ್ಡರಿಗೆ ಮಾತ್ರ, ಆ್ಯಪ್ ಯಾವ ನೆಟ್‌ವರ್ಕಿನಿಂದಲೂ ನಡೆಯುತ್ತದೆ.

ಕ್ಲೌಡಿನವರ ಭರವಸೆಯನ್ನೂ ಒಮ್ಮೆ ತೂಗಿ ನೋಡಿ. ಎಡಬ್ಲ್ಯುಎಸ್ ಒಂಟಿ ಸರ್ವರಿಗೆ ಕೊಡುವ ಮಾತು ಶೇ. 99.5. ಕೇಳಲು ದೊಡ್ಡದು. ತಿಂಗಳ 720 ಗಂಟೆಯಲ್ಲಿ ಅರ್ಧ ಶೇಕಡಾ ಎಂದರೆ 3.6 ಗಂಟೆ. ಅಷ್ಟೂ ಹೊತ್ತು ಪೇಟೆಯ ಸಮಯದಲ್ಲೇ ನಿಂತರೂ ಅವರು ಮಾತಿಗೆ ತಪ್ಪಿದಂತಾಗುವುದಿಲ್ಲ. ತಪ್ಪಿದರೂ ಬಾಡಿಗೆಯಲ್ಲಿ ಒಂದಷ್ಟು ಬಿಟ್ಟುಕೊಡುತ್ತಾರೆ, ನಿಮ್ಮ ಟ್ರೇಡಿನ ನಷ್ಟವನ್ನಲ್ಲ. ಇನ್ನು ವಿನಿಮಯ ಕೇಂದ್ರವೇ ನಿಂತರೆ? 2021ರ ಫೆಬ್ರವರಿ 24ರಂದು ದೂರಸಂಪರ್ಕ ಕೊಂಡಿಗಳ ತೊಂದರೆಯಿಂದ ಎನ್‌ಎಸ್‌ಇ 11:40ಕ್ಕೆ ವಹಿವಾಟು ನಿಲ್ಲಿಸಿ, 3:45ಕ್ಕೆ ಮತ್ತೆ ತೆರೆದು ಸಂಜೆ 5ರವರೆಗೆ ನಡೆಸಿತು. 3:15ಕ್ಕೆ ಮಾರಿ 3:30ಕ್ಕೆ ಮಲಗುವಂತೆ ಬರೆದ ಸ್ಕ್ರಿಪ್ಟ್‌ಗಳಿಗೆ ಆ ದಿನದ ಎರಡನೇ ಪಾಳಿ ಇದೆಯೆಂದೇ ಗೊತ್ತಾಗುವಂತಿರಲಿಲ್ಲ. ಅಂಥ ದಿನಕ್ಕೆ ಕೋಡ್ ಬರೆಯಲು ಹೋಗಬೇಡಿ, ಫೋನ್ ಕೈಯಲ್ಲಿರಲಿ.

ಯಾರು ಮನೆಯಲ್ಲೇ ಇರಬಹುದು? ದಿನಕ್ಕೊಮ್ಮೆ ಮುಕ್ತಾಯದ ಬೆಲೆ ನೋಡಿ ಮರುದಿನಕ್ಕೆ ಡೆಲಿವರಿ ಷೇರು ಕೊಳ್ಳುವವರು, ಕಾಗದದ ಮೇಲಷ್ಟೇ ಟ್ರೇಡ್ ಮಾಡಿ ನೋಡುತ್ತಿರುವವರು, ಸ್ಕ್ರಿಪ್ಟ್ ಸೂಚನೆ ಕೊಟ್ಟು ತಾವೇ ಆ್ಯಪ್‌ನಲ್ಲಿ ಒತ್ತುವವರು. ಎಪಿಐ ಮೂಲಕ ಆರ್ಡರ್ ಹಾಕದಿದ್ದರೆ ಇವರಿಗೆ ಸ್ಥಿರ ಐಪಿಯೂ ಬೇಕಿಲ್ಲ, ಅರ್ಧ ಗಂಟೆ ಕರೆಂಟು ಹೋದರೆ ಏನೂ ಮುಳುಗುವುದಿಲ್ಲ. ಇಂಟ್ರಾಡೇ ಮಾಡುವವರು, ಅದರಲ್ಲೂ ಆಪ್ಷನ್ ಮಾರಿ ಕೂರುವವರು, ಈ ಪಟ್ಟಿಯಲ್ಲಿಲ್ಲ.

ಸರ್ವರ್ ತಗೊಂಡ ಮೇಲೆ ಒಂದು ಪ್ರಯೋಗ ಮಾಡಿ ನನಗೂ ಗುಂಪಿಗೂ ಫಲಿತಾಂಶ ತಿಳಿಸಿ. ಪೇಟೆ ತೆರೆದಿರುವ ಯಾವುದಾದರೂ ಸಪ್ಪೆ ದಿನ, ಅಗ್ಗದ ಒಂದೇ ಒಂದು ಷೇರಿನ ಮೇಲೆ ಸ್ಕ್ರಿಪ್ಟ್ ಓಡಿಸಿ. ಅದು ಕೊಂಡ ಮೇಲೆ `sudo systemctl kill -s SIGKILL algo` ಎಂದು ನೀವೇ ಕೊಲ್ಲಿ, algo ಎಂಬಲ್ಲಿ ನಿಮ್ಮ ಸರ್ವಿಸಿನ ಹೆಸರಿರಲಿ. ಫೋನಿನ ಆ್ಯಪ್‌ನಲ್ಲಿ ನೋಡಿ: ಎಸ್‌ಎಲ್ ಆರ್ಡರ್ ಇನ್ನೂ ಕಾಯುತ್ತಿದೆಯೇ? ಇಪ್ಪತ್ತು ಸೆಕೆಂಡಿನ ನಂತರ ಸ್ಕ್ರಿಪ್ಟ್ ಎದ್ದಾಗ ಷೇರು ಒಂದೇ ಇದೆಯೇ, ಎರಡಾಯಿತೇ? ಆಮೇಲೆ ಸರ್ವರನ್ನೇ ನಿಲ್ಲಿಸಿ. ನಿಮ್ಮ ಫೋನಿಗೆ ಎಚ್ಚರಿಕೆ ಬರಲು ಎಷ್ಟು ನಿಮಿಷ ಹಿಡಿಯಿತು? ಮತ್ತೆ ಶುರು ಮಾಡಿದಾಗ ಐಪಿ ಹಿಂದಿನದೇ ಇದೆಯೇ, ಆರ್ಡರ್ ಸ್ವೀಕಾರವಾಗುತ್ತದೆಯೇ? ಷೇರು ಎರಡಾದವರು ಅಂದೇ ಸಂಜೆ ಬರೆಯಿರಿ, ಕೋಡ್‌ನ ಜೊತೆಗೆ. ಎಪಿಐ ಕೀಯನ್ನು ಮಾತ್ರ ಅಳಿಸಿ ಕಳಿಸಿ.

ಇಂತಿ,
ನಿಮ್ಮ ಹಾಗೆಯೇ 9:15ಕ್ಕೆ ಪರದೆಯ ಮುಂದೆ ಕೂರುವ ಒಬ್ಬ